ಲೈಂಗಿಕ ದೌರ್ಜನ್ಯದ ಬಗ್ಗೆ ಮಗು ಹೇಳಿದರೆ ಟೀಚರ್ ತನಿಖೆ ಮಾಡಬೇಕೇ? ಸತ್ಯಾಂಶ

ಫಾರ್ವರ್ಡ್: "ಮಗು ಏನಾದರೂ ಹೇಳಿದರೆ ಟೀಚರ್ ಮೊದಲು ಪೂರ್ತಿ ವಿಚಾರಿಸಿ ಖಚಿತ ಮಾಡಿಕೊಳ್ಳಲಿ. ಸುಳ್ಳಾದರೆ ಕೇಸ್ ಟೀಚರ್ ಮೇಲೇ ಬೀಳುತ್ತೆ."

ಇದು ತಪ್ಪು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅನುಮಾನ ಬಂದರೂ ಸಾಕು, ಪೊಲೀಸರಿಗೆ ತಿಳಿಸಲೇಬೇಕು. ಸದುದ್ದೇಶದಿಂದ ತಿಳಿಸಿದವರಿಗೆ ಅದೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಮುಚ್ಚಿಟ್ಟರೆ ಶಿಕ್ಷೆಯುಂಟು.

ಚಿಂತಾಮಣಿಯ ಒಂದು ಅಂಗನವಾಡಿ ಎಂದುಕೊಳ್ಳಿ. "ಚಡ್ಡಿ ಮುಚ್ಚುವ ಜಾಗ ನನ್ನದು, ಯಾರಾದರೂ ಮುಟ್ಟಿದರೆ ಹೇಳುವೆ" ಎಂಬ ಹಾಡು ಮುಗಿದ ಮೇಲೆ ನಾಲ್ಕು ವರ್ಷದ ಮಗು, "ಟೀಚರ್, ಮಾಮ ಅಲ್ಲಿ ಮುಟ್ಟಿದ್ರು" ಎನ್ನುತ್ತದೆ. ಟೀಚರ್ ಪಕ್ಕದಲ್ಲಿ ಕೂತು, "ಹೇಳಿದ್ದು ಒಳ್ಳೇದಾಯ್ತು ಪುಟ್ಟಾ, ನಿಂದೇನೂ ತಪ್ಪಿಲ್ಲ. ಆಮೇಲೆ?" ಎಂದರೆ ಸಾಕು. "ಯಾವ ಮಾಮ, ಪಕ್ಕದ ಮನೆಯವರಾ?" ಎಂದು ಕೇಳಿದರೆ ಮಗು ಟೀಚರನ್ನು ಮೆಚ್ಚಿಸಲು ಹೂಂ ಅಂದುಬಿಡಬಹುದು, ಮುಂದೆ ಅದರ ಮಾತಿನ ಬೆಲೆಯೇ ಕುಗ್ಗುತ್ತದೆ. "ಯಾರಿಗೂ ಹೇಳಲ್ಲ" ಎಂಬ ಮಾತನ್ನೂ ಕೊಡಬಾರದು.

ಮಗುವಿನ ಪದಗಳನ್ನೇ, ತಾನು ಕೇಳಿದ ಪ್ರಶ್ನೆಯನ್ನೂ, ದಿನಾಂಕ ಮತ್ತು ಸಮಯದೊಂದಿಗೆ ಆಗಲೇ ಬರೆದಿಡಬೇಕು. ಅಂದೇ ಪೊಲೀಸರಿಗೆ ತಿಳಿಸಬೇಕು. ದಾರಿ ತೋಚದಿದ್ದರೆ 1098 ಮಕ್ಕಳ ಸಹಾಯವಾಣಿ ಇದೆ. ಆರೋಪಿತನನ್ನು ಕರೆಸಿ ಕೇಳುವುದು ಅಪಾಯ: ಸಂಜೆ ಮಗು ಅವನಿರುವ ಮನೆಗೇ ಹೋಗಬೇಕಾಗಬಹುದು.