ಚುಕ್ಕಿ ಹಾಕಿದ ನಲವತ್ತು ಪರ್ಸೆಂಟ್

ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾದಲ್ಲೇ ಎರಡನೇ ದೊಡ್ಡದು ಅಂತ ನಾವೆಲ್ಲ ಎದೆ ಉಬ್ಬಿಸಿ ಹೇಳುತ್ತೇವೆ. ಯಾರು ಅಳೆದರು, ಯಾವ ವರ್ಷ ಅಳೆದರು ಅಂತ ಕೇಳಿದವನನ್ನು ಟೀ ಅಂಗಡಿಯವನೂ ಅನುಮಾನದಿಂದ ನೋಡುತ್ತಾನೆ. ಇಂಥ ಊರಿನಲ್ಲಿ ನಾನು ಒಂದು ರೈತ ಉತ್ಪಾದಕರ ಕಂಪನಿಯ ಲೆಕ್ಕ ಬರೆಯುತ್ತೇನೆ.

ಹೋದ ತಿಂಗಳು ಟೊಮೆಟೊ ಗಿಡಕ್ಕೆ ಸಿಂಪಡಿಸುವ ದ್ರಾವಣ ಮಾರುವ ಕಂಪನಿಯೊಂದು ನಮಗೆ 24 ಸ್ಲೈಡುಗಳ ಡೆಕ್ ಕಳಿಸಿತು. "ಡೈರೆಕ್ಟರುಗಳು ಅಷ್ಟೆಲ್ಲ ಓದಲ್ಲ ಕಣಪ್ಪ, ಒಂದು ಪುಟಕ್ಕೆ ಇಳಿಸು" ಅಂದರು ನಮ್ಮ ಅಧ್ಯಕ್ಷರು. ಇಳಿಸೋದು ಸುಲಭ. ಡೆಕ್‌ನಲ್ಲಿ "ಇಳುವರಿ 40% ಹೆಚ್ಚಳ" ಅಂತ ಇದೆ, ನಾನೂ ಹಾಗೇ ಬರೆದರೆ ಮುಗೀತು. ಕಂಪನಿಯವರ ಬಾಯಲ್ಲಿದ್ದಾಗ ಅದು ಜಾಹೀರಾತು. ನನ್ನ ಪುಟಕ್ಕೆ ಬಂದ ಕೂಡಲೇ ವರದಿ ಆಗಿಬಿಡುತ್ತದೆ. ಮಾತಿಗೆ ಮೀಸೆ ಬರೋದೇ ಹೀಗೆ.

ಪೆನ್ಸಿಲ್ ಹಿಡಿದು ಕೂತೆ. "ರೈತನ ನಿಜವಾದ ಗೆಳೆಯ" ಅನ್ನೋದನ್ನು ಸುಮ್ನೆ ಬಿಟ್ಟೆ. ಗೆಳೆತನಕ್ಕೆ ಪುರಾವೆ ಕೇಳಬಾರದು, ಅದನ್ನು ಸಾರಾಂಶಕ್ಕೂ ಸೇರಿಸಬಾರದು. ಅಂಕಿ ಇರುವ, ಹೋಲಿಕೆ ಇರುವ, "ಸಾಬೀತಾಗಿದೆ" ಅನ್ನುವ ಸಾಲುಗಳ ಪಕ್ಕ ಮಾತ್ರ "ಪುರಾವೆ?" ಅಂತ ಬರೆದೆ.

ಏಳನೇ ಸ್ಲೈಡಿನಲ್ಲಿ ಪೆನ್ಸಿಲ್ ನಿಂತಿತು. ಎರಡು ಕಂಬದ ಗ್ರಾಫ್. ಒಂದು ಗುಬ್ಬಿ, ಇನ್ನೊಂದು ಗೋಪುರ. ಗುಬ್ಬಿಯ ತಲೆ ಮೇಲೆ ಎಕರೆಗೆ 32 ಟನ್, ಗೋಪುರದ ಮೇಲೆ 36 ಟನ್. ಐದು ಪಟ್ಟು ಎತ್ತರ ಹೇಗಪ್ಪ ಬಂತು ಅಂತ ಎಡಗಡೆಯ ಗೆರೆ ನೋಡಿದರೆ, ಅದು ಸೊನ್ನೆಯಿಂದ ಶುರುವಾಗಿಲ್ಲ, 31ರಿಂದ ಶುರುವಾಗಿದೆ! ಮಂಡಿಯಲ್ಲಿ ಯಾರಾದರೂ ಬಾಕ್ಸಿನ ತಳಕ್ಕೆ ಹುಲ್ಲು ತುಂಬಿದರೆ ಜಗಳಕ್ಕೆ ನಿಲ್ಲುವ ಜನ ನಾವು. ಗ್ರಾಫಿನ ತಳ ಯಾರು ನೋಡ್ತಾರೆ?

32ಕ್ಕೆ 4 ಸೇರಿದರೆ ಹನ್ನೆರಡೂವರೆ ಪರ್ಸೆಂಟ್ ಆಯ್ತು. ಹಾಗಾದರೆ 40 ಎಲ್ಲಿಂದ ಬಂತು? ಸ್ಲೈಡಿನ ತಳದಲ್ಲಿ ಸಾಸಿವೆ ಗಾತ್ರದ ಚುಕ್ಕಿ ಹಾಕಿ, "ಆಯ್ದ ತಾಕುಗಳಲ್ಲಿ, 40% ವರೆಗೆ" ಅಂತ ಬರೆದಿದ್ದರು. "ವರೆಗೆ" ಅಂದರೆ ಸೊನ್ನೆಯೂ ಅದರೊಳಗೇ ಬಂತಲ್ವಾ?

ಫೋಟೋದಲ್ಲಿ ನಗುತ್ತಿದ್ದ ರೈತರು ನಮ್ಮ ಪಕ್ಕದ ಹೋಬಳಿಯವರೇ. ಫೋನ್ ಮಾಡಿದೆ. "ಹೌದಪ್ಪ, ಜಾಸ್ತಿ ಬಂತು" ಅಂದರು. "ಹೋದ ವರ್ಷ ಎಲೆ ಮುದುರಿ ಅರ್ಧ ತೋಟ ಹೋಗಿತ್ತು. ಈ ವರ್ಷ ಮಲ್ಚಿಂಗ್ ಶೀಟ್ ಹಾಕಿಸಿದೆ, ತಳಿನೂ ಬದಲಾಯಿಸಿದೆ. ಅದೇನೋ ಔಷಧಿನೂ ಹೊಡೆದೆ." ಶೀಟಿನ ಪುಣ್ಯವೆಲ್ಲ ಬಾಟಲಿಯ ಖಾತೆಗೆ ಜಮಾ ಆಗಿತ್ತು! ಅದೇ ತೋಟ, ಅದೇ ತಳಿ, ಅದೇ ದಿನದ ನಾಟಿ ಇಟ್ಟುಕೊಂಡು ಕೆಲವು ಸಾಲಿಗೆ ದ್ರಾವಣ, ನಡುನಡುವಿನ ಸಾಲಿಗೆ ಬರೀ ನೀರು ಹೊಡೆದು ಬಾಕ್ಸ್ ಎಣಿಸಿದ್ದರೆ ಒಂದು ಮಾತು. ಅದೂ ಒಂದೇ ತೋಟದಲ್ಲಲ್ಲ, ನಾಲ್ಕಾರು ಕಡೆ.

"ಲ್ಯಾಬ್‌ನಲ್ಲಿ ಪರೀಕ್ಷಿಸಲಾಗಿದೆ" ಅಂತಿದ್ದ ವರದಿ ತರಿಸಿ ನೋಡಿದೆ. ದ್ರಾವಣದಲ್ಲಿ ಏನೇನಿದೆ ಅನ್ನೋದನ್ನು ಪರೀಕ್ಷಿಸಿದ್ದರು. ಟೊಮೆಟೊ ಗಿಡ ಲ್ಯಾಬಿನ ಬಾಗಿಲನ್ನೂ ನೋಡಿರಲಿಲ್ಲ. ISO 9001 ಸರ್ಟಿಫಿಕೇಟ್ ಅಂತೂ ಮೂರು ಸ್ಲೈಡಿನಲ್ಲಿತ್ತು. ಅದು ಕಂಪನಿ ತನ್ನ ಕೆಲಸವನ್ನು ಒಂದು ಪದ್ಧತಿಯಲ್ಲಿ ನಡೆಸುತ್ತದೆ ಅನ್ನುತ್ತದೆಯೇ ಹೊರತು ಕಾಯಿ ಬಿಡಿಸುವ ಭರವಸೆ ಕೊಡಲ್ಲ.

ಕೊನೆಗೆ ನನ್ನ ಪುಟ ಹೀಗಾಯಿತು: "ಇಳುವರಿ 40% ವರೆಗೆ ಹೆಚ್ಚುತ್ತದೆ ಎಂದು ಕಂಪನಿ ಹೇಳಿಕೊಂಡಿದೆ. ಅದರದೇ ಗ್ರಾಫಿನ ಪ್ರಕಾರ ಹೆಚ್ಚಳ 12.5%. ಎಷ್ಟು ತಾಕು, ಯಾವ ಹಂಗಾಮು, ಏನಕ್ಕೆ ಹೋಲಿಸಿದ್ದು ಎಂಬ ವಿವರ ಕೊಟ್ಟಿಲ್ಲ, ಕೇಳಿದ್ದೇವೆ. 10,000 ರೈತರ ನಂಬಿಕೆ: ಕೊಂಡವರೋ, ಸ್ಯಾಂಪಲ್ ಪಡೆದವರೋ ಗೊತ್ತಿಲ್ಲ."

ಅಧ್ಯಕ್ಷರು ಓದಿ ಮುಖ ಸಿಂಡರಿಸಿದರು. "ಸಾರಾಂಶ ಬರಿ ಅಂದ್ರೆ ಎಫ್‌ಐಆರ್ ಬರ್ದಿದೀಯಲ್ಲೋ!" ಮೀಟಿಂಗ್ ಆಯಿತು. ಪುರಾವೆ ಬರಲಿ, ಆಮೇಲೆ ನೋಡೋಣ ಅಂತಾಯಿತು. ನಡಾವಳಿ ಪುಸ್ತಕದಲ್ಲಿ ಮಾತ್ರ "ಇಳುವರಿಯನ್ನು 40% ಹೆಚ್ಚಿಸುವ ದ್ರಾವಣದ ಬಗ್ಗೆ ಚರ್ಚಿಸಲಾಯಿತು" ಅಂತ ದುಂಡಗಿನ ಅಕ್ಷರದಲ್ಲಿ ಬಿತ್ತು.

ಪುರಾವೆ ಕೇಳಿ ಮೇಲ್ ಹಾಕಿದೆ. ನಾಲ್ಕನೇ ದಿನ ಉತ್ತರವಾಗಿ ಹೊಸ ಡೆಕ್ ಬಂತು. ಗ್ರಾಫ್ ಹಾಗೇ ಇದೆ, ಚುಕ್ಕಿ ಇನ್ನೂ ಸಣ್ಣದಾಗಿದೆ. ಮೊದಲ ಸ್ಲೈಡಿನಲ್ಲಿ "10,600 ರೈತರ ನಂಬಿಕೆ" ಅಂತಿದೆ.

ನಮ್ಮ ಸದಸ್ಯರ ಸಂಖ್ಯೆ 600.