ರಾವಣನಿಗೆ ಮರುಗುವ ರಾಮಾಯಣಗಳು: ಕಥೆ ಬೆಳೆಯಿತೋ, ಜಾರಿತೋ?

ರಾಮಾಯಣ ಒಂದೇ, ಆದರೆ ಹೇಳುವವರು ಹಲವರು. ಪ್ರಾದೇಶಿಕ ಮರುಕಥನ ಮಾಡಿದ ಕೆಲವರ ಕೈಯಲ್ಲಿ ರಾವಣ ಬರೀ ರಕ್ಕಸನಾಗಿ ಉಳಿಯುವುದಿಲ್ಲ. ಅವನ ಕಡೆಗೆ ನಮ್ಮ ಮನಸ್ಸು ವಾಲುವ ಹಾಗೆ ಕಥೆ ಕಟ್ಟುತ್ತಾರೆ. ಇದರಿಂದ ಕಥೆಗೆ ಲಾಭವಾಯಿತೋ ನಷ್ಟವಾಯಿತೋ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಎಲ್ಲ ರಾಮಾಯಣಗಳನ್ನೂ ಎಳೆದು ತರುವುದಿಲ್ಲ. 1100ರ ಆಸುಪಾಸಿನಲ್ಲಿ ಜೈನ ಕವಿ ನಾಗಚಂದ್ರ ಬರೆದ ‘ರಾಮಚಂದ್ರಚರಿತ ಪುರಾಣ’ವೇ ನಮ್ಮ ಮುಖ್ಯ ಸಾಕ್ಷಿ. ತನ್ನನ್ನು ಅಭಿನವ ಪಂಪ ಎಂದು ಕರೆದುಕೊಂಡವನು ಆತ. ಹಾಗಾಗಿ ಇದನ್ನು ನಾವು ಪಂಪ ರಾಮಾಯಣ ಅಂತಲೇ ಕರೆಯುತ್ತೇವೆ.

ಪರ: ಕಥೆ ಬೆಳೆಯಿತು

ಮರುಕಥನ ಹುಟ್ಟುವುದು ಕೇಳುವವರ ಅನುಮಾನದಿಂದ. ಜೈನ ರಾಮಾಯಣಗಳನ್ನೇ ನೋಡಿ. ಅವುಗಳಲ್ಲಿ ಹಳೆಯದು ವಿಮಲಸೂರಿಯ ಪ್ರಾಕೃತ ಕಾವ್ಯ. ಅದು ಶುರುವಾಗುವುದೇ ಒಬ್ಬ ರಾಜನ ತಕರಾರಿನಿಂದ. ಮಗಧದ ಶ್ರೇಣಿಕ ತಾನು ಕೇಳಿದ ಕಥೆಯನ್ನು ಮಹಾವೀರನ ಶಿಷ್ಯರಾದ ಗೌತಮ ಗಣಧರರ ಮುಂದಿಟ್ಟು, ಇದು ನಂಬುವ ಹಾಗಿದೆಯೇ ಎನ್ನುತ್ತಾನೆ. ಅಷ್ಟು ಬಲಶಾಲಿಗಳಾದ ರಾಕ್ಷಸರನ್ನು ಕೋತಿಗಳು ಸೋಲಿಸಿದವೇ? ಕುಂಭಕರ್ಣ ಆರು ತಿಂಗಳು ಮಲಗುತ್ತಿದ್ದನೇ? ಮನೆಯಲ್ಲಿ ಕಥೆ ಕೇಳುವ ಮಕ್ಕಳು ಕೇಳುವ ಪ್ರಶ್ನೆಗಳೇ ಇವು, ಅಲ್ವಾ?

ಉತ್ತರವಾಗಿ ಬರುವ ಕಥೆಯಲ್ಲಿ ವಾನರರು ಕೋತಿಗಳಲ್ಲ. ಬಾವುಟದಲ್ಲಿ ಕೋತಿಯ ಚಿಹ್ನೆ ಇರುವ ವಿದ್ಯಾಧರರು, ಅಂದರೆ ಮಾಯಾವಿದ್ಯೆ ಬಲ್ಲ ಮನುಷ್ಯರು. ರಾಕ್ಷಸರೂ ಒಂದು ವಿದ್ಯಾಧರ ವಂಶದವರು. ರಾವಣನಿಗೆ ಹತ್ತು ತಲೆಯೂ ಇಲ್ಲ. ಮಗುವಾಗಿದ್ದಾಗ ಅವನು ಒಂದು ರತ್ನದ ಹಾರವನ್ನು ಎತ್ತಿಕೊಂಡ. ಅದರ ಒಂಬತ್ತು ಮಣಿಗಳಲ್ಲಿ ಅವನ ಮುಖ ಕಂಡಿತು. ನಿಜದ ಮುಖವೂ ಸೇರಿ ಹತ್ತಾಯಿತು, ದಶಮುಖ ಎಂಬ ಹೆಸರು ಬಂತು. ಭಯ ಹುಟ್ಟಿಸುವ ಒಂದು ಆಕಾರ ಇಲ್ಲಿ ಹಾರ ಹಿಡಿದು ಆಡುವ ಕೂಸಾಯಿತು. ಮುಖ ಮನುಷ್ಯನದಾದ ಮೇಲೆ ಮನಸ್ಸೂ ಮನುಷ್ಯನದೇ ಆಗಬೇಕಲ್ಲ.

ಮನಸ್ಸು ಹೇಗೆ ಬಂತು ಎಂಬುದಕ್ಕೆ ನಳಕೂಬರನ ಪ್ರಸಂಗ ನೋಡಬೇಕು. ಸೀತೆ ಅಷ್ಟು ದಿನ ಲಂಕೆಯಲ್ಲಿದ್ದರೂ ರಾವಣ ಯಾಕೆ ಅವಳನ್ನು ಮುಟ್ಟಲಿಲ್ಲ? ಈ ಪ್ರಶ್ನೆಗೆ ಪ್ರತಿ ರಾಮಾಯಣವೂ ಉತ್ತರ ಕೊಡಲೇಬೇಕು. ವಾಲ್ಮೀಕಿಯ ಉತ್ತರಕಾಂಡದಲ್ಲಿ ರಂಭೆ ತನ್ನ ನಲ್ಲ ನಳಕೂಬರನನ್ನು ಕಾಣಲು ಹೋಗುತ್ತಿರುತ್ತಾಳೆ. ದಾರಿಯಲ್ಲಿ ರಾವಣ ಅವಳ ಮೇಲೆ ಬಲಾತ್ಕಾರ ಮಾಡುತ್ತಾನೆ. ಒಲ್ಲದ ಹೆಣ್ಣನ್ನು ಮುಟ್ಟಿದರೆ ನಿನ್ನ ತಲೆ ಏಳು ಹೋಳಾಗಲಿ ಎಂದು ನಳಕೂಬರ ಶಾಪ ಕೊಡುತ್ತಾನೆ. ಅಂದರೆ ಅಲ್ಲಿ ಸೀತೆಯನ್ನು ಕಾಯ್ದದ್ದು ರಾವಣನ ಪ್ರಾಣಭಯ.

ಜೈನರ ಕಥೆಯಲ್ಲೂ ನಳಕೂಬರ ಇದ್ದಾನೆ, ಆದರೆ ಪ್ರಸಂಗ ಪೂರ್ತಿ ತಿರುಗುಮುರುಗು. ಇಲ್ಲಿ ಅವನು ಒಂದು ಕೋಟೆಯ ಒಡೆಯ. ಅವನ ಹೆಂಡತಿ ಉಪರಂಭೆ ರಾವಣನನ್ನು ತಾನಾಗಿಯೇ ಬಯಸುತ್ತಾಳೆ. ಕೋಟೆ ಭೇದಿಸುವ ವಿದ್ಯೆಯನ್ನೂ ಹೇಳಿಕೊಡುತ್ತಾಳೆ. ಕೋಟೆ ಗೆದ್ದ ರಾವಣ, ವಿದ್ಯೆ ಕೊಟ್ಟ ನೀನು ನನಗೆ ಗುರುವಿನ ಸಮಾನ ಎಂದು ಹೇಳಿ ಅವಳನ್ನು ಗಂಡನ ಬಳಿಗೇ ಕಳಿಸುತ್ತಾನೆ. ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲ ಎಂಬ ವ್ರತವನ್ನೂ ತಾನಾಗಿಯೇ ಹಿಡಿಯುತ್ತಾನೆ. ಹೆಸರುಗಳು ಹೆಚ್ಚುಕಡಿಮೆ ಅವೇ. ಆದರೆ ಹೊರಗಿನಿಂದ ಬಿದ್ದಿದ್ದ ಶಾಪ ಒಳಗಿನಿಂದ ಹುಟ್ಟಿದ ವ್ರತವಾಯಿತು. ನನ್ನ ಮಟ್ಟಿಗೆ ಇಡೀ ಜೈನ ರಾಮಾಯಣದ ಅತಿ ದೊಡ್ಡ ಕಥನ ಜಾಣ್ಮೆ ಇದು. ಶಾಪಕ್ಕೆ ಹೆದರುವವನ ಒಳಗೆ ನೋಡಲು ಏನೂ ಇರುವುದಿಲ್ಲ. ತನ್ನ ವ್ರತವೇ ತನಗೆ ಅಡ್ಡ ನಿಂತವನ ಒಳಗೆ ಒಂದು ಕಾವ್ಯಕ್ಕಾಗುವಷ್ಟು ಹೋರಾಟವಿದೆ.

ನಾಗಚಂದ್ರ ಕೈ ಹಾಕಿದ್ದು ಇಲ್ಲಿಗೇ. ವ್ರತ ಹಿಡಿದ ರಾವಣ ಸೀತೆಯನ್ನು ನೋಡಿ ಸೋತಾಗ ಕವಿ ಅವನನ್ನು ಬಯ್ಯುವುದಿಲ್ಲ. ‘ಅಬ್ಧಿಯುಮೊರ್ಮೆ ಕಾಲವಶದಿಂ ಮರ್ಯಾದೆಯಂ ದಾಂಟದೇ’ ಎಂದು ಕೇಳುತ್ತಾನೆ. ಕಾಲ ಕೆಟ್ಟಾಗ ಕಡಲೂ ಒಮ್ಮೆ ದಡ ಮೀರುವುದಿಲ್ಲವೇ? ಮಾಮೂಲು ನೀಚನನ್ನು ಯಾರೂ ಕಡಲಿಗೆ ಹೋಲಿಸುವುದಿಲ್ಲ.

ಮುಂದೆ ಯುದ್ಧದ ನಡುವೆ ರಾವಣ ಬಹುರೂಪಿಣಿ ಎಂಬ ವಿದ್ಯೆ ಸಾಧಿಸಿ ಸೀತೆಯ ಬಳಿ ಬರುತ್ತಾನೆ. ಇನ್ನು ರಾಮನನ್ನು ಉಳಿಸುವವರಿಲ್ಲ ಎನ್ನುತ್ತಾನೆ. ರಾಮನಿಗೆ ಕೇಡು ಮಾಡಬೇಡ ಎಂದು ಬೇಡುತ್ತಾ ಸೀತೆ ಎಚ್ಚರ ತಪ್ಪಿ ಬೀಳುತ್ತಾಳೆ. ಅದನ್ನು ಕಂಡು ರಾವಣನ ಮನಸ್ಸು ತಿರುಗುತ್ತದೆ. ಇಷ್ಟು ಒಲಿದವರನ್ನು ಸುಮ್ನೆ ಅಗಲಿಸಿದೆನಲ್ಲ, ಬುದ್ಧಿ ಹೇಳಿದ ತಮ್ಮ ವಿಭೀಷಣನನ್ನು ದೂರ ಮಾಡಿಕೊಂಡೆನಲ್ಲ ಎಂದು ಕೊರಗುತ್ತಾನೆ. ಆಸೆ ಅಳಿದಿದೆ, ಆದರೆ ಈಗ ಬಿಟ್ಟುಕೊಟ್ಟರೆ ಹೆದರಿದ ಎನ್ನುತ್ತಾರೆ. ಅದಕ್ಕೇ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು, ಆಮೇಲೆ ಸೀತೆಯನ್ನು ಒಪ್ಪಿಸುತ್ತೇನೆ ಎಂದುಕೊಳ್ಳುತ್ತಾನೆ. ತಪ್ಪು ಎಂದು ಗೊತ್ತಾದ ಮೇಲೂ ಮರ್ಯಾದೆಗೆ ಅಂಜಿ ಅದೇ ದಾರಿಯಲ್ಲಿ ನಡೆಯುವ ಇವನು ಹತ್ತು ತಲೆಯ ರಕ್ಕಸನಿಗಿಂತ ನಮಗೆ ಹತ್ತಿರದವನು.

ಹಾಡುವವರ ರಾಮಾಯಣ ಬೇರೆಯೇ ದಾರಿ ಹಿಡಿಯುತ್ತದೆ. ಜಾನಪದ ವಿದ್ವಾಂಸ ರಾಗೌ ಮುಂತಾದವರು ಸಂಗ್ರಹಿಸಿದ ಒಂದು ಜನಪದ ರಾಮಾಯಣದಲ್ಲಿ ಅವನ ಹೆಸರು ರಾವುಳ. ಅವನಿಗೆ ಮಕ್ಕಳಿಲ್ಲ. ಜೋಗಿಯ ವೇಷದ ಶಿವ ಒಂದು ಮಾವಿನ ಹಣ್ಣು ಕೊಡುತ್ತಾನೆ. ತಿರುಳು ಹೆಂಡತಿಗೆ, ವಾಟೆ ನನಗೆ ಎಂದು ಮಾತು ಕೊಟ್ಟ ರಾವುಳ ತಿರುಳನ್ನು ತಾನೇ ತಿಂದುಬಿಡುತ್ತಾನೆ. ಬಸಿರೂ ಅವನಿಗೇ ನಿಲ್ಲುತ್ತದೆ! ದಿನಕ್ಕೊಂದು ತಿಂಗಳಂತೆ ಒಂಬತ್ತು ದಿನ ಒದ್ದಾಡುತ್ತಾನೆ. ಕೊನೆಗೆ ಸೀನುತ್ತಾನೆ, ಮೂಗಿನಿಂದ ಹುಡುಗಿ ಹುಟ್ಟುತ್ತಾಳೆ. ಸೀತದ್ದರಿಂದ ಹುಟ್ಟಿದವಳು ಸೀತೆ. ಈ ಕಥೆ ಕನ್ನಡದಲ್ಲಿ ಮಾತ್ರ ಹುಟ್ಟಬಹುದು, ಏಕೆಂದರೆ ‘ಸೀನು’ ಎಂಬ ಮಾತಿನ ಮೇಲೇ ಅದು ನಿಂತಿದೆ. ಒಂದು ಭಾಷೆಯ ಸಣ್ಣ ಮಾತು ರಾವಣನನ್ನು ಸೀತೆಗೆ ತಾಯಿಯನ್ನಾಗಿ ಮಾಡಿತು. ಹೆತ್ತ ಮಗಳನ್ನು ಗುರುತಿಸದೆ ಹೊತ್ತೊಯ್ಯುವವನ ಮೇಲೆ ಬರೀ ಸಿಟ್ಟು ಮಾಡಿಕೊಳ್ಳುವುದು ಕಷ್ಟ.

ವಿರೋಧ: ಕಥೆ ಜಾರಿತು

ಮೊದಲು ಒಂದು ತಪ್ಪು ಎಣಿಕೆಯನ್ನು ಬಿಡಿಸೋಣ. ರಾವಣನಿಗೆ ಮರುಕ ತೋರಿದವರು ಮರುಕಥನಕಾರರು, ವಾಲ್ಮೀಕಿಯದು ಕಪ್ಪು-ಬಿಳುಪು ಎಂದುಕೊಳ್ಳುತ್ತೇವೆ. ಸುಂದರಕಾಂಡ ಓದಿದವರು ಹೀಗೆ ಹೇಳಲಾರರು. ಕಟ್ಟುಬಿದ್ದು ಲಂಕೆಯ ಸಭೆಗೆ ಬಂದ ಹನುಮಂತ ರಾವಣನನ್ನು ನೋಡಿ ಬೆರಗಾಗುತ್ತಾನೆ. ಏನು ರೂಪ, ಏನು ಧೈರ್ಯ ಎನ್ನುತ್ತಾನೆ. ಅಧರ್ಮ ಒಂದಿಲ್ಲದಿದ್ದರೆ ಇವನು ದೇವಲೋಕವನ್ನೇ ಆಳಬಹುದಿತ್ತು ಎಂದುಕೊಳ್ಳುತ್ತಾನೆ. ಯುದ್ಧ ಮುಗಿದು ವಿಭೀಷಣ ಅಣ್ಣನ ಸಂಸ್ಕಾರಕ್ಕೆ ಹಿಂದೆಮುಂದೆ ನೋಡಿದಾಗ ರಾಮನೇ ಹೇಳುತ್ತಾನೆ: ಸಾವಿನೊಂದಿಗೆ ವೈರ ಮುಗಿಯಿತು, ಇನ್ನು ಇವನು ನಿನಗೆ ಹೇಗೋ ನನಗೂ ಹಾಗೆ. ದೊಡ್ಡವನೊಬ್ಬ ಕೆಟ್ಟ ದುಃಖ ಮೂಲದಲ್ಲೇ ಇದೆ. ವಾಲ್ಮೀಕಿ ಅದಕ್ಕಾಗಿ ಅಪರಾಧವನ್ನು ತೊಳೆಯಲಿಲ್ಲ, ಅಷ್ಟೇ.

ಮರುಕಥನ ತೊಳೆಯುತ್ತದೆ. ಅಶೋಕವನದಲ್ಲಿ ವಾಲ್ಮೀಕಿಯ ರಾವಣ ಸೀತೆಗೆ ಗಡುವು ಕೊಡುತ್ತಾನೆ. ಇನ್ನೆರಡು ತಿಂಗಳು ಉಳಿದಿದೆ, ಒಪ್ಪದಿದ್ದರೆ ಅಡುಗೆಯವರು ನಿನ್ನನ್ನು ಕತ್ತರಿಸಿ ನನ್ನ ಬೆಳಗಿನ ಊಟಕ್ಕೆ ಬಡಿಸುತ್ತಾರೆ ಎನ್ನುತ್ತಾನೆ. ಆ ಮಾತು ಕೇಳಿದ ಹೆಣ್ಣಿನ ರಾತ್ರಿಗಳು ಹೇಗಿದ್ದಿರಬೇಕು! ರಾವಣನಿಗೆ ವ್ರತ ತೊಡಿಸಿದ ಕಥೆಯಲ್ಲಿ ಈ ಬೆದರಿಕೆಗೆ ಜಾಗವಿಲ್ಲ. ಅವನ ಒಳಗನ್ನು ತೋರಿಸಲು ಹೋಗಿ ಅವಳ ಹೆದರಿಕೆಯನ್ನು ಸಣ್ಣದು ಮಾಡಿದ ಹಾಗಾಯಿತು.

ಆ ವ್ರತವನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಉಪರಂಭೆಯನ್ನು ಗೌರವದಿಂದ ಕಳಿಸಿದ ಎನ್ನುತ್ತಾರೆ. ಆದರೆ ಅವಳು ಹೇಳಿಕಳಿಸಿದಾಗ ರಾವಣ ಮೊದಲು ಒಲ್ಲೆ ಎಂದಿದ್ದ. ಕೋಟೆಯ ಗುಟ್ಟು ಸಿಗುತ್ತದೆ, ಸದ್ಯಕ್ಕೆ ಒಪ್ಪಿಕೋ ಎಂದು ಸಲಹೆ ಕೊಟ್ಟವನು ವಿಭೀಷಣ. ಅವಳ ಆಸೆಯನ್ನು ಬಳಸಿಕೊಂಡು ಗುಟ್ಟು ತಿಳಿದ ಮೇಲೆ ಧರ್ಮದ ಮಾತು ಬಂತು. ಇದು ಸಂಯಮಕ್ಕಿಂತ ರಾಜಕೀಯವೇ ಜಾಸ್ತಿ. ಇನ್ನು ಸೀತೆಯ ವಿಷಯ. ಮುಟ್ಟುವುದಿಲ್ಲ ಎಂಬ ವ್ರತ ಇಟ್ಟುಕೊಂಡು ಹೊತ್ತುಕೊಂಡು ಹೋಗಬಹುದೇ? ಲಕ್ಷ್ಮಣನ ದನಿಯಂತೆ ಸಿಂಹನಾದ ಮಾಡಿಸಿ ರಾಮನನ್ನು ದೂರ ಕಳಿಸಿದ ಮೋಸ ಜೈನ ಕಥೆಯಲ್ಲೂ ಇದೆ. ವ್ರತ ಅದಕ್ಕೆ ಅಡ್ಡ ಬರಲಿಲ್ಲ.

‘ಪ್ರಾದೇಶಿಕ’ ಎಂಬ ಮಾತಿಗೂ ನನ್ನ ತಕರಾರಿದೆ. ನಾಗಚಂದ್ರನ ರಾವಣ ಕನ್ನಡ ಮಣ್ಣಿನ ಕರುಣೆಯಿಂದ ಎದ್ದವನಲ್ಲ. ವಿಮಲಸೂರಿಯ ಪ್ರಾಕೃತದಲ್ಲಿ, ಏಳನೆಯ ಶತಮಾನದ ರವಿಷೇಣನ ಸಂಸ್ಕೃತದಲ್ಲಿ ಅವನ ಅಚ್ಚು ಆಗಲೇ ತಯಾರಾಗಿತ್ತು. ಜೈನ ಪುರಾಣದ ಲೆಕ್ಕದಲ್ಲಿ ರಾಮ ಬಲದೇವ, ಲಕ್ಷ್ಮಣ ವಾಸುದೇವ, ರಾವಣ ಅವನ ಎದುರಾಳಿಯಾದ ಪ್ರತಿವಾಸುದೇವ. ಪ್ರತಿವಾಸುದೇವ ಸಾಯಲೇಬೇಕು, ಅದೂ ವಾಸುದೇವನ ಕೈಯಲ್ಲಿ. ಅದಕ್ಕೇ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ಅದೂ ರಾವಣನೇ ಎಸೆದ ಚಕ್ರದಿಂದ. ರಾಮನ ಕೈಗೆ ರಕ್ತ ಅಂಟಬಾರದು. ಇಂಥ ಕೋಷ್ಟಕದಲ್ಲಿ ಎದುರಾಳಿಯೂ ಮಹಾಪುರುಷನೇ ಆಗಬೇಕು. ಹಾಗಾಗಿ ಅವನ ದೊಡ್ಡತನ ಬಹುಮಟ್ಟಿಗೆ ಸಿದ್ಧಾಂತದ ಅಗತ್ಯ. ಅದೇ ಸಿದ್ಧಾಂತ ಸತ್ತ ಮೇಲೆ ಅವನನ್ನು ನರಕಕ್ಕೂ ಕಳಿಸುತ್ತದೆ. ಇದನ್ನು ನಾವು ಹೇಳುವುದು ಕಡಿಮೆ. ನಾಗಚಂದ್ರನ ರಾವಣನನ್ನು ‘ದುರಂತ ನಾಯಕ’ ಎಂದು ಓದಲು ನಮಗೆ ಕಲಿಸಿದವರು ಇಪ್ಪತ್ತನೆಯ ಶತಮಾನದ ಬಿ.ಎಂ.ಶ್ರೀ. ಗ್ರೀಕ್ ನಾಟಕಗಳಲ್ಲಿ ಮುಳುಗಿದ್ದ ಅವರಿಗೆ ಹಾಗೆ ಕಂಡದ್ದು ಸಹಜ. ಆದರೆ ಕನ್ನಡಕ ಅವರದು, ನಾಗಚಂದ್ರನದಲ್ಲ.

ಸೀನಿನ ಕಥೆಯ ಬಗ್ಗೆ ನನಗೆ ಜಗಳವಿಲ್ಲ. ಅಲ್ಲಿ ರಾವುಳನನ್ನು ಯಾರೂ ತೊಳೆಯುವುದಿಲ್ಲ. ಹೆಂಡತಿಯ ಪಾಲಿನ ಹಣ್ಣು ಕದ್ದು ತಿಂದವನು ಎಂದೇ ಹಾಡುತ್ತಾರೆ, ನಗುತ್ತಾರೆ.

ನಾಗಚಂದ್ರನ ಆ ಬದಲಾವಣೆಯ ದೃಶ್ಯಕ್ಕೆ ಮತ್ತೆ ಬರುತ್ತೇನೆ. ಪದ್ಯಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ರಾವಣ ಮರುಗುತ್ತಾನೆ, ತಮ್ಮನನ್ನು ನೆನೆಯುತ್ತಾನೆ, ಸೀತೆಯನ್ನು ಒಪ್ಪಿಸಲು ತೀರ್ಮಾನಿಸುತ್ತಾನೆ. ನಾವು ಓದುತ್ತಾ ಓದುತ್ತಾ ಅವನ ಜೊತೆಗೇ ಅರಮನೆಗೆ ಹಿಂದಿರುಗುತ್ತೇವೆ. ಎಚ್ಚರ ತಪ್ಪಿ ಬಿದ್ದವಳಿಗೆ ಅವನ ಮನಸ್ಸು ತಿರುಗಿದ್ದು ಗೊತ್ತೇ ಇಲ್ಲ. ಅವಳು ಆ ರಾತ್ರಿಯೂ ಅವನ ಸೆರೆಯಲ್ಲೇ ಇದ್ದಳು.