ಕೆಂಪಾದ ಜಾಗವನ್ನು ದಯವಿಟ್ಟು ತಿಕ್ಕಬೇಡಿ

ಭಾನುವಾರ ಮಧ್ಯಾಹ್ನ ಹನುಮಂತನಗರದ ದೊಡ್ಡಮ್ಮನ ಮನೆಗೆ ಹೋಗಿ ಬಂದೆ. ಅಲ್ಲಿ ಕಂಡದ್ದರ ಬೇಸರ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 83 ವರ್ಷದ ದೊಡ್ಡಮ್ಮ ನ್ಯುಮೋನಿಯಾ ವಾಸಿಯಾಗಿ ಆಸ್ಪತ್ರೆಯಿಂದ ಮನೆಗೆ ಬಂದು ಐದು ವಾರವಾಗಿದ್ದರೂ, ತಾವಾಗಿ ಮಗ್ಗುಲು ಬದಲಿಸುವಷ್ಟು ಶಕ್ತಿ ಅವರಿಗೆ ಮರಳಿಲ್ಲ. ನಾನು ಕೋಣೆಗೆ ಹೋದಾಗ, ಹಗಲು ನೋಡಿಕೊಳ್ಳಲು ಬರುವ ಹುಡುಗಿ ಅವರನ್ನು ಒಂದು ಪಕ್ಕಕ್ಕೆ ಹೊರಳಿಸಿಕೊಂಡು, ಬಾಲದ ಮೂಳೆಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕೆಂಪಾಗಿದ್ದ ಜಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಅಂಗೈಯಿಂದ ಬಲವಾಗಿ ತಿಕ್ಕುತ್ತಿದ್ದಳು. "ದಿನಕ್ಕೆ ಮೂರು ಸಲ ತಿಕ್ಕಿಸುತ್ತಿದ್ದೇನೆ ಕಣೆ, ಅಲ್ಲಿ ರಕ್ತ ಓಡಾಡಲಿ ಅಂತ" ಎಂದು ಅಕ್ಕ ಹೇಳಿದಳು. ಅವಳ ಮಾತಿನಲ್ಲಿ ಇದ್ದದ್ದು ಬರೀ ಪ್ರೀತಿ, ಆದ್ದರಿಂದಲೇ ನನಗೆ ತಕ್ಷಣ ಬಾಯಿ ಬರಲಿಲ್ಲ.

ನಾನು ಎಷ್ಟು ವರ್ಷ ವಾರ್ಡಿನಲ್ಲಿ ದುಡಿದವಳು ಎಂಬುದು ನಿಮಗೆಲ್ಲ ಗೊತ್ತು. ಹಾಗಾಗಿ ಒಂದು ವಿಷಯ ಒಪ್ಪಿಕೊಳ್ಳಲೇಬೇಕು: ನಾನೂ ಹೀಗೆ ತಿಕ್ಕಿದವಳೇ. ನಾವು ನರ್ಸಿಂಗ್ ಕಲಿಯುವಾಗ ಬೆನ್ನಿನ ಆರೈಕೆ ಎಂದರೆ ಸ್ಪಿರಿಟ್ ಹಚ್ಚಿ, ಪೌಡರ್ ಉದುರಿಸಿ, ಮೂಳೆ ಎದ್ದಿರುವ ಜಾಗಗಳನ್ನೆಲ್ಲ ಚೆನ್ನಾಗಿ ತಿಕ್ಕುವುದು ಎಂದೇ ಹೇಳಿಕೊಟ್ಟಿದ್ದರು. ಆ ಪಾಠ ತಪ್ಪಾಗಿತ್ತು. ನನ್ನ ಕೈಯಡಿಯಲ್ಲಿ ಎಷ್ಟು ಜನರ ಚರ್ಮ ಆ ತಪ್ಪಿಗೆ ಬೆಲೆ ತೆತ್ತಿತೋ ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಹಾಸಿಗೆ ಹುಣ್ಣು ಶುರುವಾಗುವುದು ಹೀಗೆ: ಮಲಗಿದಲ್ಲೇ ಇರುವವರಲ್ಲಿ ಬಾಲದ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಮಾಂಸ ಹಿಂಡಿದಂತಾಗಿ, ಅದರೊಳಗಿನ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಹಲವು ಬಾರಿ ಹಾನಿ ಮೊದಲು ಒಳಗೆ, ಮೂಳೆಯ ಹತ್ತಿರ ಶುರುವಾಗುತ್ತದೆ; ಮೇಲೆ ಕಾಣುವ ಕೆಂಪು ಅದರ ಸಣ್ಣ ತುದಿ ಮಾತ್ರ ಆಗಿರಬಹುದು. ಈಗಾಗಲೇ ನಲುಗಿರುವ ಆ ನಾಳಗಳ ಮೇಲೆ ಅಂಗೈ ಇಟ್ಟು ತಿಕ್ಕಿದರೆ ರಕ್ತ ಓಡಾಡುವುದಿಲ್ಲ, ನಾಳಗಳೇ ಹರಿದುಹೋಗುತ್ತವೆ. ಆ ಜಾಗಕ್ಕೆ ಬೇಕಾದದ್ದು ಅದರ ಮೇಲಿನ ಭಾರ ತೆಗೆಯುವುದೊಂದೇ.

ನಾನು ಹುಡುಗಿಯ ಕೈ ಹಿಡಿದು ನಿಲ್ಲಿಸಿ, ಎಣ್ಣೆಯನ್ನು ಮೆತ್ತಗೆ ಒತ್ತಿ ಒರೆಸಿ, ಕೆಂಪಿನ ಮೇಲೆ ಬೆರಳಿಟ್ಟು ಮೂರು ಎಣಿಸುವವರೆಗೆ ಒತ್ತಿ ಬಿಟ್ಟೆ. ಬಿಟ್ಟ ಕೂಡಲೇ ಬೆಳ್ಳಗಾಗಿ ಮತ್ತೆ ಕೆಂಪೇರಿದರೆ ಅಲ್ಲಿ ರಕ್ತ ಇನ್ನೂ ಹರಿಯುತ್ತಿದೆ ಎಂದರ್ಥ. ದೊಡ್ಡಮ್ಮನದು ಬೆಳ್ಳಗಾಗಲಿಲ್ಲ. ಬೆರಳಿನ ಕೆಳಗೂ ಕೆಂಪು ಹಾಗೆಯೇ ಉಳಿಯಿತು, ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿತ್ತು, ಒಂದಿಷ್ಟು ಗಟ್ಟಿಯಾಗಿಯೂ ಇತ್ತು. ಚರ್ಮ ಒಡೆಯದಿದ್ದರೂ ಇದೇ ಹಾಸಿಗೆ ಹುಣ್ಣಿನ ಮೊದಲ ಹಂತ. ದೊಡ್ಡಮ್ಮ ಬೆಳ್ಳಗಿರುವುದರಿಂದ ಕೆಂಪು ಕಣ್ಣಿಗೆ ಬಿತ್ತು. ಕಪ್ಪು ಮೈಬಣ್ಣದವರಲ್ಲಿ ಅದು ಕಾಣದೇ ಹೋಗಬಹುದು. ಅಂಥವರಲ್ಲಿ ಪಕ್ಕದ ಚರ್ಮಕ್ಕಿಂತ ಆ ಜಾಗ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತುವಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ಕೈಯಿಂದಲೇ ನೋಡಬೇಕು.

"ಕೊನೆಯ ಸಲ ಮಗ್ಗುಲು ಬದಲಿಸಿದ್ದು ಯಾವಾಗ?" ಎಂದು ಕೇಳಿದೆ. ಬೆಳಿಗ್ಗೆ ಎಂಟಕ್ಕೆ ಮೈ ಒರೆಸಿದಾಗ ಎಂದಳು ಅಕ್ಕ. ಆಗ ಗಂಟೆ ಹನ್ನೆರಡೂವರೆ. ಆ ನಾಲ್ಕೂವರೆ ಗಂಟೆಯಲ್ಲಿ ಹೆಚ್ಚು ಹೊತ್ತು ಅವರು ಟೀವಿ ನೋಡಲೆಂದು ದಿಂಬುಗಳಿಗೆ ಒರಗಿ ಅರ್ಧ ಕುಳಿತ ಭಂಗಿಯಲ್ಲಿದ್ದರು. ಹಾಗೆ ಒರಗಿದವರು ನಿಧಾನವಾಗಿ ಕೆಳಕ್ಕೆ ಜಾರುತ್ತಾರೆ. ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಒಳಗಿನ ಮೂಳೆ ಕೆಳಗೆ ಸರಿಯುತ್ತದೆ, ನಡುವಿನ ನಾಳಗಳು ಎಳೆದು ತಿರುಚಿದಂತಾಗುತ್ತವೆ. ಮೇಲಾಗಿ, ಅವರ ಕೆಳಗೆ ಗಾಳಿ ತುಂಬಿದ ರಬ್ಬರ್ ಉಂಗುರ ಇಟ್ಟಿದ್ದರು. ಅದು ನಡುವಿನ ಭಾರವನ್ನು ತೆಗೆಯುವ ಬದಲು ಸುತ್ತ ಒತ್ತಿ, ಒಳಗೆ ಬರುವ ರಕ್ತವನ್ನೇ ತಡೆಯುತ್ತದೆ. ಅದನ್ನು ಆ ಕ್ಷಣವೇ ತೆಗೆಸಿದೆ.

"ಅಷ್ಟು ದುಡ್ಡು ಕೊಟ್ಟು ಏರ್ ಬೆಡ್ ತರಿಸಿದ್ದೇವಲ್ಲ, ಮತ್ತೆ ಯಾಕೆ ಹೊರಳಿಸಬೇಕು?" ಎಂದ ಅಕ್ಕನ ಮಗ. ಏರ್ ಬೆಡ್ ಒಳ್ಳೆಯದೇ, ಅಲ್ಲಗಳೆಯುವುದಿಲ್ಲ. ಆದರೆ ಅದು ಹೊರಳಿಸುವ ಕೆಲಸಕ್ಕೆ ಬದಲಿಯಲ್ಲ. ಅವರ ಪೃಷ್ಠದ ನೇರಕ್ಕೆ ಏರ್ ಬೆಡ್ಡಿನ ಅಡಿಯಲ್ಲಿ ಅಂಗೈ ತೂರಿಸಿ ನೋಡಿದರೆ ಮೂಳೆ ನನ್ನ ಕೈಗೇ ತಾಗುತ್ತಿತ್ತು, ನಡುವೆ ಒಂದು ಅಂಗುಲ ಗಾಳಿಯೂ ಇರಲಿಲ್ಲ. ಪಂಪಿನ ಒತ್ತಡವನ್ನು ಅವರ ತೂಕಕ್ಕೆ ಸರಿಯಾಗಿ ಇಟ್ಟಿರಲಿಲ್ಲ. ಅದರ ಮೇಲೆ ದಪ್ಪ ಜಮಖಾನೆ, ರಬ್ಬರ್ ಶೀಟು, ಮಡಿಸಿದ ದುಪ್ಪಟಿ ಬೇರೆ ಹಾಸಿದ್ದರು.

ಮತ್ತೆ ಅದೇ ಮಾತಿಗೆ ಬರುತ್ತೇನೆ: ತಿಕ್ಕುವುದನ್ನು ಬಿಟ್ಟು ಭಾರ ತೆಗೆಯಬೇಕು. ಅಕ್ಕನ ಮಗನೂ ನಾನೂ ಎರಡು ಬದಿಗೆ ನಿಂತು, ದೊಡ್ಡಮ್ಮನ ಕೆಳಗಿನ ಮಡಿಸಿದ ಬಟ್ಟೆಯನ್ನು ಹಿಡಿದು, ಎಳೆಯದೆ ಎತ್ತಿ ಸರಿಸಿದೆವು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ತೊಡೆಯ ಮೇಲ್ಗಡೆಯ ಮೂಳೆಗೆ ಅದೇ ಗತಿಯಾಗುವುದರಿಂದ, ಸುಮಾರು 30 ಡಿಗ್ರಿಯಷ್ಟು ಮಾತ್ರ ಎಡಕ್ಕೆ ವಾಲಿಸಿ, ಬೆನ್ನಿಗೂ ಪೃಷ್ಠಕ್ಕೂ ಉದ್ದ ದಿಂಬು ಆಸರೆ ಕೊಟ್ಟೆವು. ಮೊಣಕಾಲುಗಳ ನಡುವೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು. ಕೊನೆಗೆ ಬಾಲದ ಮೂಳೆಯ ಕೆಳಗೆ ಕೈ ತೂರಿಸಿ ಅದು ಯಾವುದಕ್ಕೂ ತಾಗುತ್ತಿಲ್ಲ ಎಂದು ನೋಡಿದೆ. ಆ ಕೊನೆಯ ಕೆಲಸವನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ.

ಕೆಂಪು ಹೋಗುವವರೆಗೆ ಬೆನ್ನ ಮೇಲೆ ಮಲಗುವುದನ್ನೇ ಬಿಡಿಸಿ, ಎರಡು ಗಂಟೆಗೊಮ್ಮೆ ಎಡ, ಬಲ ಎಂದು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟೆವು. ಊಟಕ್ಕೆ ಮಾತ್ರ, ಮೊದಲು ಮೊಣಕಾಲ ಕೆಳಗೆ ದಿಂಬಿಟ್ಟು, ಆಮೇಲೆ ತಲೆಯ ಕಡೆ ಎತ್ತಬೇಕು. ಆಗ ಕೆಳಕ್ಕೆ ಜಾರುವುದು ಕಡಿಮೆ. ಊಟವಾದ ಮೇಲೆ ಅರ್ಧ ಗಂಟೆ ಹಾಗೇ ಇರಲಿ, ಇಲ್ಲದಿದ್ದರೆ ಅನ್ನ ಶ್ವಾಸಕ್ಕೆ ಹೋದೀತು. ಆಮೇಲೆ ತಕ್ಷಣ ಇಳಿಸಿ ವಾಲಿಸಬೇಕು. ಡೈಪರ್ ಒದ್ದೆಯಾದ ಕೂಡಲೇ ಬದಲಿಸಿ, ಉಜ್ಜದೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ತೆಳುವಾಗಿ ಸವರಿದರೆ ಸಾಕು. ಪೌಡರ್ ಬೇಡ, ಸ್ಪಿರಿಟ್ ಬೇಡ.

"ರಾತ್ರಿ ಎರಡು ಗಂಟೆಗೊಮ್ಮೆ ಎಬ್ಬಿಸಿದರೆ ಅಮ್ಮನಿಗೂ ನಿದ್ದೆಯಿಲ್ಲ, ನಮಗೂ ಇಲ್ಲ" ಎಂದಳು ಅಕ್ಕ. ಅವಳ ಕಣ್ಣುಗಳ ಕೆಳಗಿನ ಕಪ್ಪು ನೋಡಿದ ಮೇಲೆ ಆ ಮಾತನ್ನು ಹಗುರವಾಗಿ ತೆಗೆದುಹಾಕಲು ನನಗೆ ಮನಸ್ಸಾಗಲಿಲ್ಲ. ಏರ್ ಬೆಡ್ ಸರಿಯಾಗಿ ಕೆಲಸ ಮಾಡುತ್ತಿದ್ದು, ಕೆಂಪು ಪೂರ್ತಿ ಹೋಗಿ, ಬೆಳಿಗ್ಗೆ ಎಲ್ಲಿಯೂ ಹೊಸ ಕೆಂಪು ಕಾಣದಿದ್ದರೆ, ರಾತ್ರಿಯ ಅಂತರವನ್ನು ಮೂರು, ಮುಂದೆ ನಾಲ್ಕು ಗಂಟೆಗೆ ಏರಿಸಿ ನೋಡಬಹುದು. ಮತ್ತೆ ಕೆಂಪು ಕಂಡರೆ ಇಳಿಸಬೇಕು. ಆದರೆ ಈ ವಾರ ಆ ರಿಯಾಯಿತಿ ಇಲ್ಲ. ಆಳವಾದ ಹುಣ್ಣಾದರೆ ಡ್ರೆಸ್ಸಿಂಗ್ ತಿಂಗಳುಗಟ್ಟಲೆ ನಡೆಯುತ್ತದೆ, ಆಗ ಹೋಗುವ ನಿದ್ದೆಯ ಮುಂದೆ ಇದು ಏನೂ ಅಲ್ಲ. ಹತ್ತು, ಹನ್ನೆರಡು ಗಂಟೆಯ ಪಾಳಿ ಮಗನಿಗೆ, ಎರಡು ಮತ್ತು ನಾಲ್ಕರದು ಸೊಸೆಗೆ, ಆರರದು ಅಕ್ಕನಿಗೆ ಎಂದು ಹಂಚಿಕೊಂಡರು.

ಜಾಗ ನೇರಳೆ ಬಣ್ಣಕ್ಕೆ ತಿರುಗಿದರೆ, ಗುಳ್ಳೆ ಎದ್ದರೆ, ಚರ್ಮ ಒಡೆದರೆ, ವಾಸನೆ ಅಥವಾ ಜ್ವರ ಬಂದರೆ ನನಗಾಗಿ ಕಾಯದೆ ವೈದ್ಯರನ್ನು ಕರೆಸಬೇಕೆಂದು ಬರೆದುಕೊಟ್ಟು ಬಂದೆ.

ಇಂದು ಬುಧವಾರ. ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಅಂಚಿನಲ್ಲಿ ಒತ್ತಿದರೆ ಈಗ ಬೆಳ್ಳಗಾಗುತ್ತಿದೆ, ನಡುವೆ ಉಗುರಿನಷ್ಟು ಜಾಗ ಮಾತ್ರ ಇನ್ನೂ ಹಾಗೇ ಕೆಂಪಾಗಿದೆಯಂತೆ. ಎಣ್ಣೆಯ ಬಾಟಲಿಯನ್ನು ಹುಡುಗಿಯ ಕೈಗೆ ಸಿಗದ ಹಾಗೆ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದಾಳಂತೆ. ನಡುವಿನ ಆ ಕೆಂಪು ಹೋಗುವವರೆಗೆ ಎಡ, ಬಲ ಮಾತ್ರ ಎಂದಿದ್ದೇನೆ.